ಮಿಂಚು ಕಂಡು ಗುಡುಗು ಕೇಳುವವರೆಗೆ: ಸೆಕೆಂಡ್ ಎಣಿಸಿ ಸಿಡಿಲಿನ ದೂರ ತಿಳಿಯುವ ಬಗೆ

ಮಿಂಚು ಕಂಡ ಕ್ಷಣದಿಂದ ಗುಡುಗು ಕಿವಿಗೆ ಬೀಳುವವರೆಗೆ ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸಿ. ಆ ಸಂಖ್ಯೆಯನ್ನು 3ರಿಂದ ಭಾಗಿಸಿ. ಮಿಂಚು ನಿಮ್ಮಿಂದ ಎಷ್ಟು ಕಿಲೋಮೀಟರ್ ದೂರದಲ್ಲಿತ್ತು ಅನ್ನುವುದು ಸಿಗುತ್ತದೆ. 12 ಸೆಕೆಂಡ್ ಆದರೆ 4 ಕಿಲೋಮೀಟರ್. ಲೆಕ್ಕ ಇಷ್ಟೇ.

ಆದರೆ ಈ 4 ಕಿಲೋಮೀಟರ್ ಅನ್ನುವುದು ನಿಮ್ಮಿಂದ ಎಲ್ಲಿಗೆ? ಸಿಡಿಲು ನೆಲಕ್ಕೆ ಬಡಿದ ಜಾಗಕ್ಕಾ, ಮೋಡದ ಅಂಚಿಗಾ, ಮಳೆ ಸುರಿಯುತ್ತಿರುವ ಜಾಗಕ್ಕಾ? ಎಷ್ಟೋ ಸಲ ಈ ಮೂರರಲ್ಲಿ ಯಾವುದೂ ಅಲ್ಲ. ಭಾಗಾಕಾರ ಎಲ್ಲರಿಗೂ ಬರುತ್ತದೆ. ಸಿಕ್ಕಿದ ಸಂಖ್ಯೆ ಏನನ್ನು ಹೇಳುತ್ತಿದೆ, ಏನನ್ನು ಹೇಳುತ್ತಿಲ್ಲ ಅನ್ನುವುದರಲ್ಲೇ ಜನ ಎಡವುವುದು. ಹಾಗಾಗಿ ಎಣಿಸುವ ರೀತಿಯನ್ನು ಮೊದಲು ನೋಡಿ, ಆಮೇಲೆ ಅದರ ಅರ್ಥಕ್ಕೆ ಹೋಗೋಣ.

ಶುರು ಮಾಡುವ ಮುಂಚೆ ಒಂದು ಮಾತು. ಇದನ್ನು ಗಟ್ಟಿ ಕಟ್ಟಡದ ಒಳಗೆ, ಮುಚ್ಚಿದ ಕಿಟಕಿಯ ಹಿಂದೆ ಇದ್ದುಕೊಂಡು ಮಾಡಿ. ಬಯಲಿನಲ್ಲೋ ತಾರಸಿಯ ಮೇಲೋ ಇದ್ದರೆ ಗುಡುಗು ಕೇಳಿದ ತಕ್ಷಣ ಒಳಗೆ ಹೋಗಿ, ಎಣಿಕೆಯನ್ನು ಅಲ್ಲಿಂದ ಮುಂದುವರಿಸಿ.

3ರಿಂದಲೇ ಏಕೆ ಭಾಗಿಸಬೇಕು

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. 10 ಕಿಲೋಮೀಟರ್ ದೂರದ ಮಿಂಚಿನ ಬೆಳಕು ನಿಮ್ಮನ್ನು ತಲುಪಲು ಸೆಕೆಂಡಿನ 30 ಸಾವಿರದಲ್ಲಿ ಒಂದು ಪಾಲು ಸಾಕು. ಅಂದರೆ ಮಿಂಚು ಹೊಳೆದದ್ದೂ ನೀವು ನೋಡಿದ್ದೂ ಒಂದೇ ಕ್ಷಣ ಅಂತ ಇಟ್ಟುಕೊಳ್ಳಬಹುದು.

ಶಬ್ದದ ಕತೆ ಬೇರೆ. 20 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಸಾಗುತ್ತದೆ. 3 ಸೆಕೆಂಡಿಗೆ 1029 ಮೀಟರ್. ಒಂದು ಕಿಲೋಮೀಟರಿಗೆ ಹೆಚ್ಚುಕಮ್ಮಿ 3 ಸೆಕೆಂಡ್ ಅನ್ನುವುದು ಬಂದದ್ದು ಇಲ್ಲಿಂದಲೇ. ಮೈಲಿ ಲೆಕ್ಕ ಹಾಕುವವರು 5ರಿಂದ ಭಾಗಿಸುತ್ತಾರೆ.

"ಒಂದು ಸೆಕೆಂಡಿಗೆ ಒಂದು ಕಿಲೋಮೀಟರ್" ಅಂತ ಹೇಳುವವರು ಜಾಸ್ತಿ ಇದ್ದಾರೆ. ಇದು ತಪ್ಪು, ಅಪಾಯದ ಕಡೆಗೆ ತಳ್ಳುವ ತಪ್ಪು. 9 ಸೆಕೆಂಡ್ ಆದಾಗ ಮಿಂಚು 9 ಕಿಲೋಮೀಟರ್ ಆಚೆ ಇದೆ ಅಂತ ಅವರು ಸುಮ್ಮನಿರುತ್ತಾರೆ. ನಿಜಕ್ಕೂ ಅದು 3 ಕಿಲೋಮೀಟರ್ ದೂರದಲ್ಲಿರುತ್ತದೆ.

ಗಾಳಿಯ ಬಿಸಿ ಏರಿದಷ್ಟೂ ಶಬ್ದದ ವೇಗ ಸ್ವಲ್ಪ ಏರುತ್ತದೆ. 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ನೀವು 30 ಸೆಕೆಂಡ್ ಎಣಿಸಿದ್ದೀರಿ ಅಂದುಕೊಳ್ಳಿ. ಚಳಿಯಲ್ಲಿ ನಿಜವಾದ ದೂರ 9.9 ಕಿಲೋಮೀಟರ್, ಸೆಕೆಯಲ್ಲಿ 10.5. ನಿಮ್ಮ ಲೆಕ್ಕ ಎರಡಕ್ಕೂ 10 ಅನ್ನುತ್ತದೆ. ಅರ್ಧ ಕಿಲೋಮೀಟರಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೀಸುವ ಗಾಳಿಯದ್ದೂ ಅಷ್ಟೇ. ಗಂಟೆಗೆ 36 ಕಿಲೋಮೀಟರ್ ವೇಗದ ಜೋರು ಗಾಳಿ ಅಂದರೂ ಸೆಕೆಂಡಿಗೆ 10 ಮೀಟರ್, ಅಂದರೆ ಶಬ್ದದ ವೇಗದಲ್ಲಿ ನೂರಕ್ಕೆ ಮೂರರಷ್ಟು ಏರುಪೇರು. ದೊಡ್ಡ ತಪ್ಪು ಬರುವುದು ಹವೆಯಿಂದಲ್ಲ, ನಮ್ಮ ಎಣಿಕೆಯಿಂದ.

ಎಣಿಕೆಯನ್ನು ಸರಿಮಾಡಿಕೊಳ್ಳುವುದು

ಮಿಂಚು ಹೊಳೆದ ಕ್ಷಣ ಅಂದರೆ ಸೊನ್ನೆ. ಅದನ್ನು "ಒಂದು" ಅಂತ ಎಣಿಸಬಾರದು. ತುಂಬ ಜನ ಬೆಳಕು ಕಂಡ ಕೂಡಲೇ "ಒಂದು" ಅಂದುಬಿಡುತ್ತಾರೆ. ಆಗ ಉತ್ತರಕ್ಕೆ ಸುಮಾರು 340 ಮೀಟರ್ ಸುಳ್ಳು ದೂರ ಸೇರಿಕೊಳ್ಳುತ್ತದೆ. ದೂರದ ಮಿಂಚಿಗೆ ಇದು ಏನೂ ಅಲ್ಲ. ಆದರೆ ಮಿಂಚು 2 ಸೆಕೆಂಡ್ ದೂರದಲ್ಲಿದ್ದಾಗ, ಅಂದರೆ 700 ಮೀಟರ್ ಆಚೆ ಇದ್ದಾಗ, ಅದು ಒಂದು ಕಿಲೋಮೀಟರ್ ಅಂತ ಕಾಣುತ್ತದೆ. ಮಿಂಚಿಗೆ ಮನಸ್ಸಿನಲ್ಲೇ "ಸೊನ್ನೆ" ಅನ್ನಿ, ಆಮೇಲೆ ಒಂದು, ಎರಡು ಅಂತ ಹೋಗಿ.

ಬರೀ "ಒಂದು, ಎರಡು, ಮೂರು" ಅಂದರೆ ನಾಲಿಗೆ ಸೆಕೆಂಡಿಗಿಂತ ವೇಗವಾಗಿ ಓಡುತ್ತದೆ. ಮಧ್ಯೆ ಒಂದು ಉದ್ದದ ಪದ ಹಾಕಿಕೊಳ್ಳಿ: "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು." ಅವಸರ ಇಲ್ಲದೆ ಹೇಳಿದರೆ ಒಂದೊಂದಕ್ಕೂ ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. "ಸುಮಾರು" ಅಂದದ್ದು ಏಕೆಂದರೆ ಎಲ್ಲರ ಮಾತಿನ ವೇಗ ಒಂದೇ ಅಲ್ಲ. ಮೋಡ ಇಲ್ಲದ ದಿನ ಫೋನಿನ ಸ್ಟಾಪ್‌ವಾಚ್ ಶುರು ಮಾಡಿ, ಪರದೆ ನೋಡದೆ 30ರವರೆಗೆ ಎಣಿಸಿ ನಿಲ್ಲಿಸಿ. 28ರಿಂದ 32ರೊಳಗೆ ಬಂದರೆ ಚೆನ್ನಾಗಿದೆ. 24 ಬಂತೋ, ನೀವು ಅವಸರದವರು. ನೀವು 30 ಎಣಿಸಿ "10 ಕಿಲೋಮೀಟರ್" ಅನ್ನುವಾಗ ನಿಜವಾದ ದೂರ 8 ಇರುತ್ತದೆ.

ಭಯವಾದಾಗ ಎಣಿಕೆ ಇನ್ನೂ ವೇಗವಾಗುತ್ತದೆ ಅನ್ನುವುದನ್ನೂ ನೆನಪಿಡಿ. ಮಿಂಚು ಹತ್ತಿರ ಬಂದಷ್ಟೂ ಅದು ದೂರ ಇದೆ ಅಂತ ತೋರಿಸುವ ತಪ್ಪು ಇದು. ಅದಕ್ಕೇ ಕೈಯಲ್ಲಿ ಫೋನ್ ಇದ್ದರೆ ಸ್ಟಾಪ್‌ವಾಚನ್ನೇ ಬಳಸಿ. ಮಿಂಚು ಕಂಡಾಗ ಗುಂಡಿ ಒತ್ತಲು ಸೆಕೆಂಡಿನ ಕಾಲು ಭಾಗ ತಡವಾಗುತ್ತದೆ, ಗುಡುಗು ಕೇಳಿದಾಗಲೂ ಹೆಚ್ಚುಕಮ್ಮಿ ಅಷ್ಟೇ ತಡವಾಗುತ್ತದೆ. ಎರಡೂ ತಡ ಒಂದನ್ನೊಂದು ಕಳೆದುಕೊಳ್ಳುವುದರಿಂದ ಉತ್ತರಕ್ಕೆ ಅಷ್ಟೇನೂ ಧಕ್ಕೆ ಇಲ್ಲ.

ಎಣಿಕೆಯನ್ನು ಗುಡುಗಿನ ಮೊದಲ ಸದ್ದಿಗೇ ನಿಲ್ಲಿಸಬೇಕು. ದೂರದ ಗುಡುಗು ಮೆಲ್ಲಗೆ ಶುರುವಾಗಿ ಆಮೇಲೆ ಜೋರಾಗುವುದುಂಟು. ಜೋರಾಗುವವರೆಗೆ ಕಾದರೆ ಕೆಲವು ಸೆಕೆಂಡ್ ಜಾಸ್ತಿ ಸೇರುತ್ತದೆ. ಮೊದಲ ಗುರುಗುಟ್ಟುವಿಕೆ ಕಿವಿಗೆ ಬಿದ್ದ ಕೂಡಲೇ ನಿಲ್ಲಿಸಿ.

ಈ ಗುಡುಗು ಯಾವ ಮಿಂಚಿನದು?

ಮಳೆಮೋಡ ಶಾಂತವಾಗಿದ್ದು ನಿಮಿಷಕ್ಕೊಂದು ಮಿಂಚು ಬರುತ್ತಿದ್ದರೆ ಗೊಂದಲ ಇಲ್ಲ. ಹತ್ತು ಸೆಕೆಂಡಿನೊಳಗೆ ಒಂದರ ಹಿಂದೆ ಒಂದು ಹೊಳೆಯತೊಡಗಿದರೆ ಕಷ್ಟ. ಗುಡುಗು ಬರುವ ಹೊತ್ತಿಗೆ ಇನ್ನೆರಡು ಮಿಂಚು ಆಗಿಹೋಗಿರುತ್ತವೆ.

ಒಂದು ಉದಾಹರಣೆ ನೋಡೋಣ. ಸ್ಟಾಪ್‌ವಾಚ್ ಓಡುತ್ತಿದೆ. ಮಿಂಚು ಕಂಡದ್ದು 0, 8 ಮತ್ತು 14ನೇ ಸೆಕೆಂಡಿನಲ್ಲಿ. ಗುಡುಗು ಕೇಳಿದ್ದು 21, 30 ಮತ್ತು 34ನೇ ಸೆಕೆಂಡಿನಲ್ಲಿ. ಮೊದಲ ಗುಡುಗನ್ನು ಅದಕ್ಕೆ ಸ್ವಲ್ಪ ಮುಂಚೆ ಕಂಡ ಮಿಂಚಿಗೆ ಜೋಡಿಸಿದರೆ 21ರಲ್ಲಿ 14 ಕಳೆದು 7 ಸೆಕೆಂಡ್, ಅಂದರೆ ಎರಡೂಕಾಲು ಕಿಲೋಮೀಟರ್. ಆದರೆ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಜೋಡಿಸಿ ನೋಡಿ. 21, 22, 20 ಬರುತ್ತದೆ. ಮೂರೂ ಹತ್ತಿರ ಹತ್ತಿರ. ಮೂರು ಮಿಂಚೂ ಒಂದೇ ಮೋಡದ್ದು, ಸುಮಾರು 7 ಕಿಲೋಮೀಟರ್ ದೂರದ್ದು ಅನ್ನುವುದು ಇದರಿಂದ ಕಾಣುತ್ತದೆ. ಸ್ಟಾಪ್‌ವಾಚಿನಲ್ಲಿ "ಲ್ಯಾಪ್" ಗುಂಡಿ ಇದ್ದರೆ ಈ ಸಮಯಗಳನ್ನೆಲ್ಲ ಅದೇ ಬರೆದಿಡುತ್ತದೆ.

ಯಾವ ಜೋಡಿಯೂ ಹೊಂದುತ್ತಿಲ್ಲ ಅಂದರೆ ಬೇರೆ ಬೇರೆ ದೂರದ ಮಿಂಚುಗಳು ಬೆರೆತಿವೆ ಅಂತ ಅರ್ಥ. ಆಗ ಎರಡು ದಾರಿ ಇವೆ. ಒಂದು, ಆಕಾಶ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂಟಿ ಮಿಂಚು ಬರುವವರೆಗೆ ಕಾಯುವುದು. ಇನ್ನೊಂದು, ಸಿಕ್ಕ ಉತ್ತರಗಳಲ್ಲಿ ಹತ್ತಿರದ್ದನ್ನೇ ನಿಜ ಅಂತ ಇಟ್ಟುಕೊಳ್ಳುವುದು. ನನ್ನ ಮಟ್ಟಿಗೆ ಎರಡನೆಯದೇ ಸರಿ. ಅಷ್ಟು ಪದೇ ಪದೇ ಮಿಂಚುತ್ತಿರುವ ಮೋಡದ ಎದುರು ನಿಖರತೆಗಾಗಿ ಕಾಯುವುದರಲ್ಲಿ ಅರ್ಥವಿಲ್ಲ.

ಆ ಸಂಖ್ಯೆ ನಿಜಕ್ಕೂ ಯಾವುದರ ದೂರ

ಮಿಂಚು ಒಂದು ಚುಕ್ಕಿಯಲ್ಲ, ಹಲವು ಕಿಲೋಮೀಟರ್ ಉದ್ದದ, ಕವಲೊಡೆದ ದಾರಿ. ಆ ದಾರಿಯ ಉದ್ದಕ್ಕೂ ಗಾಳಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಸುಮಾರು 30 ಸಾವಿರ ಡಿಗ್ರಿಯವರೆಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಅಷ್ಟು ಬಿಸಿಯಾದ ಗಾಳಿ ಸಿಡಿದು ಹಿಗ್ಗುತ್ತದೆ. ಆ ಸಿಡಿತವೇ ಗುಡುಗು. ದಾರಿಯ ಪ್ರತಿಯೊಂದು ತುಂಡೂ ಹೆಚ್ಚುಕಮ್ಮಿ ಒಂದೇ ಸಲ ಸದ್ದು ಮಾಡುತ್ತದೆ, ಆದರೆ ಹತ್ತಿರದ ತುಂಡಿನ ಸದ್ದು ಮೊದಲು ತಲುಪುತ್ತದೆ, ದೂರದ್ದು ಆಮೇಲೆ. ಗುಡುಗು "ಢಂ" ಅಂತ ಒಮ್ಮೆಗೇ ಮುಗಿಯದೆ ಉರುಳುತ್ತಾ ಹೋಗುವುದಕ್ಕೆ ಮುಖ್ಯ ಕಾರಣ ಇದೇ.

ಹಾಗಾದರೆ ಮೊದಲ ಸದ್ದಿಗೆ ನಿಲ್ಲಿಸಿದ ಎಣಿಕೆ ಹೇಳುವುದು, ಮಿಂಚಿನ ದಾರಿಯಲ್ಲಿ ನಿಮಗೆ ಅತಿ ಹತ್ತಿರವಾದ ತುಂಡಿನ ದೂರವನ್ನು. ಆ ತುಂಡು ನೆಲದ ಹತ್ತಿರ ಇರಬಹುದು, ನಿಮ್ಮ ತಲೆಯ ಮೇಲೆ ಮೋಡದೊಳಗೂ ಇರಬಹುದು. ಹೆಚ್ಚಿನ ಮಿಂಚುಗಳು ನೆಲ ಮುಟ್ಟುವುದೇ ಇಲ್ಲ, ಮೋಡದೊಳಗೇ ಹೊಳೆದು ಮುಗಿಯುತ್ತವೆ.

ಈಗ ಈ ಸನ್ನಿವೇಶ ಯೋಚಿಸಿ. ಮಿಂಚಿತು, 18 ಸೆಕೆಂಡ್ ಆದ ಮೇಲೆ ಗುಡುಗು ಬಂತು. 6 ಕಿಲೋಮೀಟರ್. ಇನ್ನೂ ದೂರ ಇದೆ ಅಂತ ಅನಿಸುತ್ತದೆ, ಅಲ್ವಾ? ಆದರೆ ಆ ಮಿಂಚು ನಿಮ್ಮ ನೆತ್ತಿಯ ನೇರಕ್ಕೆ, 6 ಕಿಲೋಮೀಟರ್ ಎತ್ತರದಲ್ಲಿ ಮೋಡದೊಳಗೆ ಹೊಳೆದಿದ್ದರೆ? ಎಣಿಕೆ ಆಗಲೂ 18 ಸೆಕೆಂಡೇ. ನೆಲದ ಮೇಲಿನ ಅಂತರ ಸೊನ್ನೆ. ನೀವು ಮೋಡದ ಕೆಳಗೇ ಇದ್ದೀರಿ. ಅದೇ ಮೋಡದ ಮುಂದಿನ ಮಿಂಚು ನೆಲಕ್ಕೆ ಇಳಿಯಬಹುದು.

ನೆತ್ತಿಯ ನೇರಕ್ಕೆ ಅಲ್ಲದಿದ್ದರೂ ಈ ಓರೆ ದೂರದ ಪರಿಣಾಮ ಇರುತ್ತದೆ. ಎಣಿಕೆ 6 ಕಿಲೋಮೀಟರ್ ಅನ್ನುತ್ತಿದೆ, ಮಿಂಚು 5 ಕಿಲೋಮೀಟರ್ ಎತ್ತರದಲ್ಲಿತ್ತು ಅಂದುಕೊಳ್ಳಿ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕ ಹಾಕಿದರೆ, 36ರಲ್ಲಿ 25 ಕಳೆದು 11, ಅದರ ವರ್ಗಮೂಲ ಸುಮಾರು 3.3. ನೆಲದ ಮೇಲೆ ಅಳೆದರೆ ಮೂರೂಕಾಲು ಕಿಲೋಮೀಟರ್ ಮಾತ್ರ.

ಇದನ್ನು ಗುರುತಿಸುವುದು ಹೇಗೆ? ಬೆಳಕು ಎಲ್ಲಿ ಕಂಡಿತು ಅಂತ ಗಮನಿಸಿ. ದಿಗಂತದ ಹತ್ತಿರ, ತಗ್ಗಿನಲ್ಲಿ ಗೆರೆ ಎಳೆದಂತೆ ಕಂಡರೆ ಎಣಿಕೆಯ ದೂರವೂ ನೆಲದ ಮೇಲಿನ ದೂರವೂ ಹೆಚ್ಚುಕಮ್ಮಿ ಒಂದೇ. ಗೆರೆ ಏನೂ ಕಾಣದೆ, ತಲೆಯ ಮೇಲಿನ ಮೋಡ ಅಗಲಕ್ಕೆ ಬೆಳಗಿದರೆ ಮಿಂಚು ಮೋಡದೊಳಗಿನದು. ಆಗ ಎಣಿಕೆಯ ಉತ್ತರವನ್ನು ಸುರಕ್ಷತೆಗೆ ಬಳಸಬೇಡಿ.

ಉರುಳುವ ಗುಡುಗಿನಿಂದ ಇನ್ನೊಂದು ಸಂಗತಿಯನ್ನೂ ತಿಳಿಯಬಹುದು. ಎಣಿಕೆ ನಿಲ್ಲಿಸಿದ ಮೇಲೆ ಗುಡುಗು ಮುಗಿಯುವವರೆಗೆ ಮತ್ತೆ ಎಣಿಸಿ. ಮೊದಲ ಸದ್ದು 21ನೇ ಸೆಕೆಂಡಿಗೆ ಬಂದು, ಕೊನೆಯ ಸದ್ದು 33ನೇ ಸೆಕೆಂಡಿಗೆ ಅಡಗಿತು ಅಂದುಕೊಳ್ಳಿ. ಮಿಂಚಿನ ಹತ್ತಿರದ ತುದಿ 7 ಕಿಲೋಮೀಟರ್ ದೂರದಲ್ಲಿ, ದೂರದ ತುದಿ 11ರಲ್ಲಿ. ಅಂದರೆ ಆ ಮಿಂಚು ಕಡಿಮೆ ಎಂದರೂ 4 ಕಿಲೋಮೀಟರ್ ಉದ್ದ. ಸುತ್ತ ಬೆಟ್ಟವೋ ಎತ್ತರದ ಕಟ್ಟಡಗಳೋ ಇದ್ದರೆ ಪ್ರತಿಧ್ವನಿ ಸೇರಿ ಗುಡುಗು ಉದ್ದವಾಗುತ್ತದೆ, ಅಲ್ಲಿ ಈ ಲೆಕ್ಕ ನಂಬುವಂತಿಲ್ಲ. ಬಯಲಿನ ಊರುಗಳಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಇದೊಂದು ಲೆಕ್ಕ ಮಾಡಿ ನೋಡಿದವರಿಗೆ ಮಿಂಚಿನ ಗಾತ್ರ ಮನಸ್ಸಿಗೆ ಇಳಿಯುತ್ತದೆ.

ಸದ್ದಿನ ಗುಣದಿಂದಲೂ ದೂರ ಗೊತ್ತಾಗುತ್ತದೆ. ಗಾಳಿ ಕೀರಲು ಸದ್ದನ್ನು ಬೇಗ ನುಂಗುತ್ತದೆ, ಗಡಸು ಸದ್ದು ದೂರ ಸಾಗುತ್ತದೆ. ಹಾಗಾಗಿ ದೂರದ ಗುಡುಗು ಗುಡುಗುಡು ಅಂತ ಮಂದವಾಗಿ ಕೇಳುತ್ತದೆ. ತೀರ ಹತ್ತಿರದ್ದು ಬಟ್ಟೆ ಹರಿದ ಹಾಗೆ ಚರ್ ಅಂತ ಶುರುವಾಗಿ ಕಿವಿಗೆ ಅಪ್ಪಳಿಸುತ್ತದೆ. ನಿಮ್ಮ ಎಣಿಕೆ 8 ಕಿಲೋಮೀಟರ್ ಅನ್ನುತ್ತಿದೆ, ಸದ್ದು ಮಾತ್ರ ಚಟೀರ್ ಅಂತ ಹರಿತವಾಗಿ ಬಂತು ಅಂದರೆ ಬೇರೆ ಮಿಂಚಿಗೆ ಜೋಡಿಸಿದ್ದೀರಿ. ಎಣಿಕೆಯನ್ನು ಬಿಟ್ಟು ಕಿವಿಯನ್ನು ನಂಬಿ.

ಮಳೆಮೋಡ ಹತ್ತಿರ ಬರುತ್ತಿದೆಯಾ?

ಒಂದೇ ಎಣಿಕೆಯಿಂದ ಇದು ಗೊತ್ತಾಗುವುದಿಲ್ಲ. ಮೋಡವೇ ಹತ್ತಾರು ಕಿಲೋಮೀಟರ್ ಅಗಲ ಇರಬಹುದು, ಮಿಂಚು ಅದರ ಯಾವ ಮೂಲೆಯಲ್ಲಾದರೂ ಹೊಳೆಯಬಹುದು. ಒಂದು ಮಿಂಚು 9 ಕಿಲೋಮೀಟರ್, ಮುಂದಿನದು 11 ಬಂತು ಅಂದರೆ ಮೋಡ ದೂರ ಸರಿಯುತ್ತಿದೆ ಅಂತ ಅರ್ಥವಲ್ಲ. ಕೆಲವು ನಿಮಿಷಗಳ ಅವಧಿಯಲ್ಲಿ ಮೂರ್ನಾಲ್ಕು ಮಿಂಚು ಎಣಿಸಿ, ಅವುಗಳಲ್ಲಿ ಅತಿ ಕಡಿಮೆ ಇರುವುದನ್ನು ಇಟ್ಟುಕೊಳ್ಳಿ. ಸರಾಸರಿ ಬೇಡ. ನಿಮಗೆ ಬೇಕಾದದ್ದು ಹತ್ತಿರದ ಅಂಚು.

ಸಂಜೆ 4 ಗಂಟೆಗೆ ಎಣಿಸಿದಾಗ 27, 33, 30 ಸೆಕೆಂಡ್ ಬಂತು ಅಂತ ಇಟ್ಟುಕೊಳ್ಳೋಣ. ಕಡಿಮೆ ಇರುವುದು 27, ಅಂದರೆ 9 ಕಿಲೋಮೀಟರ್. 4:15ಕ್ಕೆ 24, 18, 21. ಕಡಿಮೆ ಇರುವುದು 18, ಅಂದರೆ 6 ಕಿಲೋಮೀಟರ್. 15 ನಿಮಿಷದಲ್ಲಿ 3 ಕಿಲೋಮೀಟರ್ ಹತ್ತಿರ ಬಂದಿದೆ. ಗಂಟೆಗೆ 12 ಕಿಲೋಮೀಟರ್ ವೇಗ. ಉಳಿದ 6 ಕಿಲೋಮೀಟರಿಗೆ ಇನ್ನೂ ಅರ್ಧ ಗಂಟೆ, 4:45ರವರೆಗೆ ಸಮಯ ಇದೆ ಅಂತ ಲೆಕ್ಕ ಹೇಳುತ್ತದೆ.

ಆದರೆ 4:20ಕ್ಕೆ ಒಂದು ಮಿಂಚು, ಬರೀ 6 ಸೆಕೆಂಡಿಗೆ ಗುಡುಗು. 2 ಕಿಲೋಮೀಟರ್! ಲೆಕ್ಕ ತಪ್ಪಿತಾ? ಲೆಕ್ಕ ಸರಿಯಾಗಿಯೇ ಇತ್ತು, ಮೋಡ ಮಾತ್ರ ಅದಕ್ಕೆ ಕಟ್ಟುಬೀಳಲಿಲ್ಲ. ಮಳೆಮೋಡದಿಂದ ಕೆಳಗೆ ನುಗ್ಗುವ ತಣ್ಣನೆಯ ಗಾಳಿ ನೆಲದ ಮೇಲೆ ಹರಡಿ, ಮುಂದಿರುವ ಬಿಸಿ ಗಾಳಿಯನ್ನು ಮೇಲೆತ್ತುತ್ತದೆ. ಅಲ್ಲಿ ಹೊಸ ಮೋಡ ಬೆಳೆಯುತ್ತದೆ. ಹಳೆಯದು ನಡೆದು ಬರುವ ಮೊದಲೇ ಹೊಸದು ನಿಮ್ಮ ಹತ್ತಿರ ಮಿಂಚಲು ಶುರು ಮಾಡಬಹುದು. ಆದ್ದರಿಂದ ಮೋಡದ ವೇಗದ ಲೆಕ್ಕವನ್ನು ಕುತೂಹಲಕ್ಕೆ ಹಾಕಿ. "ಇನ್ನೂ ಅರ್ಧ ಗಂಟೆ ಇದೆ, ಹೊರಗಿನ ಕೆಲಸ ಮುಗಿಸಿಬಿಡೋಣ" ಅನ್ನುವುದಕ್ಕೆ ಅದನ್ನು ಆಧಾರ ಮಾಡಿಕೊಳ್ಳಬೇಡಿ.

ಗುಡುಗು ಕೇಳದಿದ್ದರೆ

ರಾತ್ರಿ ದಿಗಂತದಲ್ಲಿ ಸದ್ದಿಲ್ಲದೆ ಮಿಂಚುವುದನ್ನು ಎಲ್ಲರೂ ನೋಡಿರುತ್ತೇವೆ. ಅದು ಬೇರೆ ಜಾತಿಯ ಮಿಂಚೇನಲ್ಲ, ಗುಡುಗು ನಮ್ಮವರೆಗೆ ಬಂದಿರುವುದಿಲ್ಲ ಅಷ್ಟೇ. ಸಾಮಾನ್ಯವಾಗಿ 15 ಕಿಲೋಮೀಟರಿನಿಂದಾಚೆಗೆ ಗುಡುಗು ಕೇಳುವುದು ಅಪರೂಪ. ಮೇಲೆ ಹೋದಂತೆ ಗಾಳಿ ತಣ್ಣಗಾಗುವುದರಿಂದ ಸದ್ದಿನ ಹಾದಿ ಮೇಲಕ್ಕೆ ಬಾಗುತ್ತದೆ, ದೂರ ಇದ್ದವರ ತಲೆಯ ಮೇಲಿಂದ ದಾಟಿ ಹೋಗುತ್ತದೆ. ಬಿರುಗಾಳಿ, ವಾಹನಗಳ ಸದ್ದು, ಮಳೆಯ ಸದ್ದು ಇದ್ದರೆ ಇನ್ನೂ ಹತ್ತಿರದ ಗುಡುಗೂ ಮುಚ್ಚಿಹೋಗುತ್ತದೆ. 50ರವರೆಗೆ ಎಣಿಸಿದರೂ ಏನೂ ಕೇಳದಿದ್ದರೆ ಆ ಎಣಿಕೆಯನ್ನು ಬಿಟ್ಟುಬಿಡಿ. ಆದರೆ ಸುತ್ತ ಗದ್ದಲ ಇದ್ದಾಗ "ಗುಡುಗು ಕೇಳಲಿಲ್ಲ, ಹಾಗಾಗಿ ದೂರ" ಅಂತ ತೀರ್ಮಾನಿಸಬೇಡಿ.

ಎಷ್ಟು ಸೆಕೆಂಡಿಗೆ ಒಳಗೆ ಹೋಗಬೇಕು

ಹಿಂದೆ ಇದಕ್ಕೆ 30-30 ಅನ್ನುವ ನಿಯಮ ಹೇಳುತ್ತಿದ್ದರು. ಎಣಿಕೆ 30 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ ಅಂತ. 30 ಸೆಕೆಂಡ್ ಅಂದರೆ 10 ಕಿಲೋಮೀಟರ್. ಅಷ್ಟು ದೂರ ಇದ್ದರೂ ಏಕೆ? ಸಿಡಿಲು ಮಳೆ ಬೀಳುವ ಜಾಗದಿಂದ 15 ಕಿಲೋಮೀಟರಿಗೂ ಹೆಚ್ಚು ಆಚೆ, ತಿಳಿ ಆಕಾಶದ ಕೆಳಗೂ ಬಡಿಯಬಲ್ಲದು. ಈಗಿನ ಮಿಂಚು 10 ಕಿಲೋಮೀಟರ್ ದೂರದಲ್ಲಿದೆ ಅಂದರೆ ಮುಂದಿನದು ನೀವಿರುವಲ್ಲಿಗೇ ಬರಬಹುದು.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಈಗ ಜನರಿಗೆ ಹೇಳುವುದು ಇನ್ನೂ ಸರಳ: ಗುಡುಗು ಕೇಳಿತಾ, ಒಳಗೆ ಹೋಗಿ. ನನಗೂ ಇದೇ ಸರಿ ಅನಿಸುತ್ತದೆ. ಗುಡುಗು ಕೇಳಿಸುವಷ್ಟು ಹತ್ತಿರ ಇರುವ ಮೋಡ, ಸಿಡಿಲು ಎಸೆಯುವಷ್ಟೂ ಹತ್ತಿರ ಇರುತ್ತದೆ. ಎಣಿಕೆ 33 ಬಂತು, 30ಕ್ಕಿಂತ ಮೂರು ಜಾಸ್ತಿ ಅಂತ ಹೊರಗೇ ಉಳಿಯುವುದು ಬೇಡ.

ಒಳಗೆ ಅಂದರೆ ನಾಲ್ಕು ಗೋಡೆ, ವೈರಿಂಗ್, ನಲ್ಲಿ ಪೈಪುಗಳಿರುವ ಕಟ್ಟಡ, ಇಲ್ಲವೇ ಗಾಜು ಏರಿಸಿದ, ಲೋಹದ ಮೇಲ್ಛಾವಣಿಯ ಕಾರು. ಮರದ ಕೆಳಗೆ, ಗೋಡೆಯಿಲ್ಲದ ಶೆಡ್ಡಿನಲ್ಲಿ, ಡೇರೆಯಲ್ಲಿ ನಿಂತರೆ ಒಳಗೆ ಹೋದಂತೆ ಆಗುವುದಿಲ್ಲ. ಕಟ್ಟಡದೊಳಗೂ ಸ್ನಾನ ಮಾಡುವುದು, ನಲ್ಲಿ ಮುಟ್ಟುವುದು, ಚಾರ್ಜಿಗೆ ಹಾಕಿದ ಫೋನ್ ಹಿಡಿಯುವುದು ಬೇಡ. ಎಣಿಸಲು ಫೋನ್ ಬೇಕಾದರೆ ವೈರ್ ತೆಗೆದು ಬಳಸಿ.

ಕೊನೆಯ 30 ನಿಮಿಷದ ಲೆಕ್ಕವನ್ನು ಬಹಳ ಜನ ತಪ್ಪಾಗಿ ಹಾಕುತ್ತಾರೆ. ಮಳೆ ನಿಂತಲ್ಲಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಕೊನೆಯ ಗುಡುಗಿನಿಂದ. 5:10ಕ್ಕೆ ಗುಡುಗಿತು, ಹಾಗಾದರೆ 5:40ಕ್ಕೆ ಹೊರಗೆ ಹೋಗಬಹುದು. 5:32ಕ್ಕೆ ದೂರದಲ್ಲಿ ಮತ್ತೊಂದು ಗುಡುಗು, 36 ಸೆಕೆಂಡ್ ಎಣಿಸಿದ ಮೇಲೆ. 12 ಕಿಲೋಮೀಟರ್ ಆಚೆ, ಮೋಡ ದಾಟಿ ಹೋಗುತ್ತಿದೆ. ಆದರೂ ಹಳೆಯ ಲೆಕ್ಕ ಅಲ್ಲಿಗೆ ರದ್ದು. ಹೊರಗೆ ಹೋಗುವ ಹೊಸ ಸಮಯ 6:02.